ಹಾಲು ಮೂಡಲಿಗೆ ಉಕ್ಕಬೇಕಂದ್ರೆ

ನಮ್ಮ ಆನೇಕಲ್ ತಮಿಳುನಾಡಿನ ಗಡಿಗೆ ಅಂಟಿಕೊಂಡಿದೆ. ಸಂಕ್ರಾಂತಿಗೆ ನಮ್ಮನೇಲಿ ಅಂಗಳದಲ್ಲೇ ಮೂರು ಕಲ್ಲಿಟ್ಟು, ಹೊಸ ಮಡಕೇಲಿ ಹಾಲು ಉಕ್ಕಿಸ್ತೀವಿ. ಮೂಡಲಿಗೆ ಉಕ್ಕಿದ್ರೆ ವರ್ಷ ಒಳ್ಳೇದು ಅನ್ನೋ ನಂಬಿಕೆ. ಹೋದ ವರ್ಷ ತೆಂಕಲಿಗೆ ಉಕ್ಕಿತು. ಅವ್ವ ಏನೂ ಅನ್ನಲಿಲ್ಲ, ಆದ್ರೆ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಒಲೆ ಆರಿದ ಮೇಲೆ ನೋಡಿದೆ. ತೆಂಕಲ ಕಡೆ ಕಲ್ಲು ಮಣ್ಣಿಗೆ ಇಳಿದಿತ್ತು. ಮಡಕೆ ಬಾಯಿ ಎತ್ತ ತಗ್ಗೋ ಹಾಲು ಅತ್ತಲೇ ಹೋಗೋದು.

ಈ ಸಲ ಹಿಂದಿನ ರಾತ್ರಿಯೇ ಮಡಕೆಯನ್ನ ನೀರಲ್ಲಿ ನೆನೆಹಾಕಿದೆ, ಒಣ ಮಡಕೆ ಬೆಂಕಿಗೆ ಬಿರುಕು ಬಿಡುತ್ತೆ. ಬೆಳಿಗ್ಗೆ ಕಲ್ಲಿನ ಮೇಲಿಟ್ಟು, ಬಾಯಿತನಕ ನೀರು ತುಂಬಿ, ಮೊದಲು ಎಲ್ಲಿ ತುಳುಕುತ್ತೆ ಅಂತ ನೋಡಿದೆ. ಪಡುವಲ ಕಲ್ಲಿನಡಿ ಹೆಂಚಿನ ಚೂರು ಕೊಟ್ಟ ಮೇಲೆ ಮೂಡಲಿಗೆ ತುಳುಕಿತು. ನೀರು ಚೆಲ್ಲಿ, ಕತ್ತಿಗೆ ಎಲೆ ಸಮೇತ ಅರಿಶಿನದ ಗಿಡ ಕಟ್ಟಿ, ಮುಕ್ಕಾಲು ಮಡಕೆ ಹಾಲು ಹಾಕಿದ್ವಿ.

ಹಾಲು ಮೂಡಲಿಗೇ ಉಕ್ಕಿತು. ಅದಕ್ಕೇ ಹೊಸಕ್ಕಿ, ಹೆಸರುಬೇಳೆ, ಬೆಲ್ಲ ಹಾಕಿ ಬೇಯಿಸಿ, ಕಬ್ಬು, ಅವರೆಕಾಯಿ ಜೊತೆ ಬಾಳೆಎಲೆಯಲ್ಲಿ ಸೂರ್ಯನಿಗೆ ಎಡೆ ಇಟ್ವಿ.

ಹೆಂಚಿನ ಚೂರಿನ ವಿಷಯ ಅವ್ವನಿಗೆ ಹೇಳಿಬಿಟ್ಟೆ.

"ಗೊತ್ತು ಕಣೋ, ನಿಮ್ಮಜ್ಜಿನೂ ಇಡ್ತಿದ್ರು. ಹೋದ ವರ್ಷ ನಾನೇ ಮರೆತಿದ್ದೆ" ಅಂದ್ಲು.