ತಟ್ಟೆಯಲ್ಲೇ ಉಳಿದ ಪ್ರೋಟೀನ್

ಮಂಡಿ ಆಪರೇಷನ್ ಆಗಿ ಕೆಲವು ತಿಂಗಳಿಗೆ ಅಪ್ಪ, ಅಮ್ಮನ ಜೊತೆ ಮಂಡ್ಯದಿಂದ ಷಿಕಾಗೋದ ನಮ್ಮ ಮನೆಗೆ ಬಂದರು. ತುಂಬಾ ಇಳಿದುಹೋಗಿದ್ದರು. ಪ್ರೋಟೀನ್ ಜಾಸ್ತಿ ತಿನ್ನಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ನಾನೋ ಡೇಟಾ ಕೆಲಸದವನು, ಮೊದಲ ದಿನವೇ ಸ್ಪ್ರೆಡ್‌ಶೀಟ್ ತೆಗೆದೆ.

ಚರ್ಮ ತೆಗೆದ ಕೋಳಿಯ ಎದೆ ಭಾಗ, ಅಂದ್ರೆ ಬ್ರೆಸ್ಟ್, 100 ಗ್ರಾಂಗೆ 31 ಗ್ರಾಂ ಪ್ರೋಟೀನ್. 200 ಗ್ರಾಂ ತೂಗಿ ಗ್ರಿಲ್ ಮಾಡಿ, 62 ಅಂತ ಬರೆದುಕೊಂಡೆ. ಅಪ್ಪ ಅರ್ಧ ತಿಂದು ತಟ್ಟೆ ಸರಿಸಿದರು. "ಏನಪ್ಪಾ ಇದು, ಹತ್ತಿ ಅಗಿದಂಗಾಯ್ತದೆ."

ನನ್ನ ಲೆಕ್ಕವೂ ತಪ್ಪಾಗಿತ್ತು. ಆ 31 ಬೆಂದ ಮಾಂಸದ್ದು, ನಾನು ತೂಗಿದ್ದು ಹಸಿ ಮಾಂಸ. ಬೇಯುವಾಗ ನೀರು ಹೋಗಿ ತೂಕ ಸುಮಾರು ಕಾಲು ಭಾಗ ಇಳಿಯುತ್ತೆ. 200 ಗ್ರಾಂ 150 ಆಗಿತ್ತು, ಅದರಲ್ಲಿ ಪ್ರೋಟೀನ್ ಸುಮಾರು 46 ಗ್ರಾಂ. ಅಪ್ಪನ ಹೊಟ್ಟೆಗೆ ಹೋಗಿದ್ದು 23.

ಮರುದಿನ ಅಮ್ಮ ಮೂಳೆ ಸಮೇತ ತೊಡೆ ತರಿಸಿ ಕೋಳಿ ಸಾರು ಮಾಡಿದರು. ತೊಡೆಯಲ್ಲಿ ಪ್ರೋಟೀನ್ ಸ್ವಲ್ಪ ಕಮ್ಮಿ, ಬೆಂದ 100 ಗ್ರಾಂಗೆ ಸುಮಾರು 25, ಕೊಬ್ಬು ಜಾಸ್ತಿ. ಆದರೆ ಅದರಲ್ಲಿರುವ ಗಟ್ಟಿ ನಾರು ನಿಧಾನವಾಗಿ ಕುದ್ದಷ್ಟೂ ಕರಗಿ ಮೆತ್ತಗಾಗುತ್ತೆ. ಎದೆ ಭಾಗವನ್ನು ಮುಕ್ಕಾಲು ಗಂಟೆ ಸಾರಲ್ಲಿ ಕುದಿಸಿದರೆ ರಸದ ಮಧ್ಯೆ ಇದ್ದೂ ಒಣಗುತ್ತೆ. ಅಪ್ಪ ಮುದ್ದೆ ಜೊತೆ ಎರಡು ತುಂಡು ಪೂರ್ತಿ ತಿಂದರು. ಶೀಟ್‌ನಲ್ಲಿ ಗೆದ್ದಿದ್ದು ಬ್ರೆಸ್ಟ್, ತಟ್ಟೆಯಲ್ಲಿ ಗೆದ್ದಿದ್ದು ತೊಡೆ.

ಚರ್ಮದ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಅದರಲ್ಲಿ ಕೊಬ್ಬು ಜಾಸ್ತಿ. ಗ್ರಿಲ್ ಮಾಡಿದರೆ ಸ್ವಲ್ಪ ಕೆಳಗೆ ಸುರಿದು ಹೋಗುತ್ತೆ, ಸಾರಲ್ಲಿ ಅಲ್ಲೇ ಉಳಿಯುತ್ತೆ. ಹಾಗಾಗಿ ಸಾರಿಗೆ ಚರ್ಮ ತೆಗೆದು ಹಾಕ್ತೀವಿ.

ದೊಡ್ಡ ಜಗಳ ಆಗಿದ್ದು ಸಿಂಕ್ ಹತ್ತಿರ. ನಲ್ಲಿ ಜೋರಾಗಿ ಬಿಟ್ಟು ಅಮ್ಮ ಕೋಳಿ ತೊಳೀತಿದ್ದರು, ಪಕ್ಕದಲ್ಲೇ ಹೆಚ್ಚಿಟ್ಟ ಸೌತೆಕಾಯಿ. ನೀರು ಸಿಡಿದಾಗ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸುತ್ತಮುತ್ತ ಹರಡುತ್ತೆ. ಕೋಳಿ ಹೇಗೂ ಬೇಯುತ್ತೆ, ಸೌತೆಕಾಯಿ ಬೇಯಲ್ಲವಲ್ಲ! ಇಲ್ಲಿನ ಕೃಷಿ ಇಲಾಖೆಯೂ ತೊಳೀಬೇಡಿ ಅಂತಲೇ ಹೇಳೋದು. "ತೊಳೀದೆ ಹೆಂಗೋ ಬಾಯಿಗೆ ಇಡೋದು?" ಅಂದರು. ಕೊನೆಗೆ ಒಪ್ಪಂದ: ಪೇಪರ್ ಟವೆಲ್‌ನಲ್ಲಿ ಒರೆಸಿ ಅರಿಶಿನ, ಉಪ್ಪು ಸವರೋದು. ಕೋಳಿಗೆ ಬೇರೆ ಹಲಗೆ, ಆಮೇಲೆ ಸೋಪಿನಿಂದ 20 ಸೆಕೆಂಡ್ ಕೈತೊಳೆ.

ಗ್ರಿಲ್ ಬಿಡಲಿಲ್ಲ, ಥರ್ಮಾಮೀಟರ್ ತಂದೆ. ಮೂಳೆಗೆ ತಾಗದ ಹಾಗೆ ದಪ್ಪ ಭಾಗಕ್ಕೆ ಚುಚ್ಚಬೇಕು. 165 ಫ್ಯಾರನ್‌ಹೀಟ್, ಅಂದ್ರೆ 74 ಸೆಲ್ಸಿಯಸ್ ಬಂದರೆ ಸುರಕ್ಷಿತ. ಬಣ್ಣ ನಂಬೋ ಹಾಗಿಲ್ಲ. ಪೂರ್ತಿ ಬೆಂದಿದ್ದರೂ ಮೂಳೆ ಹತ್ತಿರ ಕೆಂಪಗೆ ಕಾಣಬಹುದು. ಮೊದಲ ದಿನ ನಾನು ಕೆಂಪು ಹೋಗಲಿ ಅಂತ ಕಾದು ಕಾದು ಹತ್ತಿ ಮಾಡಿದ್ದು. ಈಗ 74ಕ್ಕೆ ಇಳಿಸಿ ಐದು ನಿಮಿಷ ಬಿಟ್ಟು ಕತ್ತರಿಸ್ತೀನಿ.

ಕಳೆದ ಭಾನುವಾರ ಅಪ್ಪ ಆ ಬ್ರೆಸ್ಟನ್ನೂ ಮುಗಿಸಿದರು. ಮೇಲೆ ಅಮ್ಮನ ಸಾರು ಸುರ್ಕೊಂಡು.