ಬೆವರಿನ ಲೆಕ್ಕ

ವಿಶಾಖಪಟ್ಟಣದ ತೆನ್ನೇಟಿ ಪಾರ್ಕಿನ ಕೆಳಗೆ, ಇಳಿತದ ಹೊತ್ತಿನಲ್ಲಿ ಮರಳಿಗಿಂತ ಬಂಡೆಯೇ ಹೆಚ್ಚು. 2020ರ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಸರಕು ಹಡಗೊಂದು ಗಾಳಿಗೆ ಸಿಕ್ಕಿ ಬಂದು ದಡ ಹತ್ತಿ ಕೂತಿದ್ದು ಇಲ್ಲೇ. ಹಡಗು ನೋಡಲು ಬಂದವರೆಲ್ಲ ಅದೇ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಕಾಲ ಕೆಳಗೆ ಏನಿದೆ ಅಂತ ಬಗ್ಗಿ ನೋಡಿದವರು ಕಡಿಮೆ. ಇಲ್ಲಿನ ಬೆಟ್ಟಗಳದ್ದು ಖೊಂಡಲೈಟ್ ಎಂಬ ಕಲ್ಲು. ಒಡಿಶಾ-ಆಂಧ್ರದ ಪೂರ್ವಘಟ್ಟದಲ್ಲಿರುವ ಖೋಂಡ ಜನರ ಹೆಸರು ಅದಕ್ಕೆ ಬಂದಿದೆ. ಗಾಳಿ ನೀರಿಗೆ ಬೇಗ ಸವೆಯುವ ಕಲ್ಲು. ಹಾಗಾಗಿ ಎಲ್ಲಿ ನೋಡಿದರೂ ಗುಳಿ, ಬಿರುಕು, ಬಟ್ಟಲು. ಕಡಲು ಹಿಂದೆ ಸರಿದಾಗ ಈ ಬಟ್ಟಲುಗಳಲ್ಲಿ ನೀರು ಉಳಿಯುತ್ತದೆ, ನೀರಿನಲ್ಲಿ ಜೀವಗಳು ಉಳಿಯುತ್ತವೆ.

ನಾನು ಕೆಲಸ ಮಾಡುವುದು ವಿಜಯವಾಡದಲ್ಲಿ, ಕಟ್ಟಡ ಕಾಮಗಾರಿಯ ಸೈಟಿನಲ್ಲಿ ಸೇಫ್ಟಿ ಆಫೀಸರ್. ಊರು ಬಳ್ಳಾರಿ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಗುತ್ತಿದ್ದವನಿಗೆ ವಿಜಯವಾಡ ಮೂರನೆಯದನ್ನು ತೋರಿಸಿತು. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟುವುದೂ ಉಂಟು. ಮೇಲಾಗಿ ಕೃಷ್ಣೆಯ ತೇವ, ಕಡಲ ಕಡೆಯ ತೇವ. ಹಾಗಾಗಿ ಬಿಸಿ ಅಳೆಯುವುದು ನನ್ನ ಹೊಟ್ಟೆಪಾಡು. ವೈಜಾಗಿಗೆ ಹೋಗುವಾಗಲೂ ಸೈಟಿನ ಇನ್‌ಫ್ರಾರೆಡ್ ಥರ್ಮಾಮೀಟರ್ ಚೀಲದಲ್ಲಿರುತ್ತದೆ. ಮೊದಲು ತಮಾಷೆಗೆ ಬಂಡೆಗೆ ಹಿಡಿದೆ, ಆಮೇಲೆ ಅದೇ ಚಟವಾಯಿತು.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನದ ಲೆಕ್ಕ ಹೇಳುತ್ತೇನೆ. ಅಮಾವಾಸ್ಯೆಯ ಆಸುಪಾಸು, ಮೂರು ಗಂಟೆಯ ಹೊತ್ತಿಗೆ ನೀರು ಪೂರ್ತಿ ಇಳಿದಿತ್ತು. ಕಡಲ ನೀರು 29 ಡಿಗ್ರಿ. ಅದರ ಪಕ್ಕದಲ್ಲೇ, ಅಲೆ ಆಗಾಗ ತಲುಪುವ ದೊಡ್ಡ ಗುಳಿಯಲ್ಲಿ 31. ಮೇಲಕ್ಕೆ ಹತ್ತಿ ಹೋದಾಗ, ಊಟದ ತಟ್ಟೆಯಷ್ಟು ಅಗಲದ, ಬೆರಳುದ್ದ ಆಳದ ಗುಳಿಯಲ್ಲಿ 38. ಅದರ ಅಂಚಿನ ಒಣ ಬಂಡೆಗೆ 47. ಐದಾರು ಹೆಜ್ಜೆ ದೂರದಲ್ಲಿ ಇಷ್ಟು ವ್ಯತ್ಯಾಸ.

ಗುಳಿಯೆಂದರೆ ಆಸರೆ ಅಂತ ನಮಗೆ ಅನಿಸುತ್ತದೆ. ಕೆಳಗಿನ ದೊಡ್ಡ ಗುಳಿಗೆ ಅದು ನಿಜ. ಮೇಲಿನ ಚಿಕ್ಕ ಗುಳಿ ಒಂದು ಬಾಣಲೆ. ನೀರು ಆವಿಯಾದಂತೆ ಉಪ್ಪು ಉಳಿಯುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿ ನೀರು ಎಷ್ಟು ಮೇಲಿತ್ತು ಅಂತ ಓದಿಕೊಳ್ಳಬಹುದು. ಮಳೆ ಬಿದ್ದರೆ ಇದೇ ಗುಳಿ ಅರ್ಧ ಗಂಟೆಯಲ್ಲಿ ಸಪ್ಪೆ. ಹಗಲಿನಲ್ಲಿ ಪಾಚಿಯಿಂದ ಆಮ್ಲಜನಕ ಗುಳ್ಳೆ ಗುಳ್ಳೆಯಾಗಿ ಏಳುವುದು ಕಣ್ಣಿಗೇ ಕಾಣುತ್ತದೆ. ರಾತ್ರಿ ಇಳಿತದಲ್ಲಿ ಅದೇ ಪಾಚಿ ತಾನೂ ಉಸಿರಾಡುತ್ತದೆ, ಸೀಗಡಿ-ಮೀನುಗಳ ಜೊತೆ ಹಂಚಿಕೊಳ್ಳಲು ಗಾಳಿ ಸಾಲದು. ಬೆಳಗ್ಗೆ ಹೋಗಿ ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ನಿಂತ ಪುಟ್ಟ ಮೀನುಗಳನ್ನು ನೋಡಿದರೆ ರಾತ್ರಿ ಹೇಗೆ ಕಳೆಯಿತು ಅಂತ ಗೊತ್ತಾಗುತ್ತದೆ.

ಮೀನಿಗೆ ಒಂದು ದಾರಿಯಿದೆ: ಜಿಗಿಯುವುದು. ಗೋಬಿ ಜಾತಿಯ ಗುಳಿಮೀನುಗಳ ಬಗ್ಗೆ ಅಮೆರಿಕದ ಲೆಸ್ಟರ್ ಆರನ್ಸನ್ 1951ರಲ್ಲಿ ಬರೆದದ್ದು ನನಗೆ ಬಹಳ ಇಷ್ಟ. ಈ ಮೀನು ತನ್ನ ಗುಳಿಯಿಂದ ಪಕ್ಕದ ಗುಳಿಗೆ ಬಂಡೆ ದಾಟಿ ಸರಿಯಾಗಿ ಹಾರುತ್ತದೆ, ಆದರೆ ಒಳಗಿನಿಂದ ಅದಕ್ಕೆ ಪಕ್ಕದ ಗುಳಿ ಕಾಣುವುದೇ ಇಲ್ಲ. ಉಬ್ಬರದಲ್ಲಿ ಎಲ್ಲ ಮುಳುಗಿದ್ದಾಗ ಆ ಬಂಡೆಗಳ ಮೇಲೆ ಈಜಾಡಿ ತಗ್ಗು ಎಲ್ಲಿ, ದಿಬ್ಬ ಎಲ್ಲಿ ಅಂತ ಕಲಿತಿರುತ್ತದೆ. ಹಾಗೆ ಈಜಾಡಲು ಅವಕಾಶ ಸಿಗದ ಮೀನುಗಳು ತಪ್ಪಾಗಿ ಹಾರಿದವು, ಇಲ್ಲವೇ ಹಾರಲು ಒಪ್ಪಲಿಲ್ಲ. ಹೊಸ ಊರಿಗೆ ಬಂದವರು ಮೊದಲ ವಾರ ಬೀದಿ ಸುತ್ತಿ ಮೆಸ್ಸು, ಮೆಡಿಕಲ್ ಶಾಪು ಗುರುತು ಮಾಡಿಕೊಳ್ಳುತ್ತೇವಲ್ಲ, ಹಾಗೆ.

ಹಾರಲು ಆಗದವುಗಳ ಕಥೆ ಬೇರೆ. ನನ್ನನ್ನು ಹಿಡಿದಿಟ್ಟಿದ್ದು ಅವೇ.

ಎಲ್ಲಕ್ಕಿಂತ ಮೇಲೆ, ಉಬ್ಬರದ ಹನಿ ಮಾತ್ರ ಸಿಡಿಯುವ ಎತ್ತರದಲ್ಲಿ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡ ಬಸವನಹುಳುಗಳು ಅಂಟಿಕೊಂಡಿರುತ್ತವೆ. 47 ಡಿಗ್ರಿಯ ಬಂಡೆಯ ಮೇಲೆ ಇದ್ದದ್ದು ಇವೇ. ಒಂದನ್ನು ಉಗುರಿನಿಂದ ತಾಕಿದರೆ ಉದುರುತ್ತದೆ. ಕಾರಣವಿದೆ: ಅದು ಕಾಲೂರಿ ನಿಂತಿಲ್ಲ. ಕಾಲನ್ನು ಒಳಗೆಳೆದುಕೊಂಡು ಮುಚ್ಚಳ ಹಾಕಿಕೊಂಡಿದೆ. ಚಿಪ್ಪಿನ ತುಟಿಯ ಒಂದು ಚುಕ್ಕಿಯನ್ನು ಒಣಗಿದ ಲೋಳೆ ಬಂಡೆಗೆ ಅಂಟಿಸಿದೆ, ಅಷ್ಟೇ. ಹೀಗಾಗಿ ಬಂಡೆಯ ಬಿಸಿ ಮೈಗೆ ಏರಲು ದಾರಿ ಸಣ್ಣದು, ನೀರು ಹೊರಹೋಗಲು ದಾರಿಯೇ ಇಲ್ಲ. ಇದೇ ಕುಲದ ಒಂದು ಬಸವನಹುಳುವನ್ನು ಬ್ರೂನೈಯಲ್ಲಿ ಡೇವಿಡ್ ಮಾರ್ಷಲ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ಸಾಮಾನ್ಯವಾಗಿ ಮೈ ಬಿಸಿಯಾದಂತೆ ಇಂಥ ಪ್ರಾಣಿಗಳ ಎದೆಬಡಿತ ಏರುತ್ತದೆ. ಇದರಲ್ಲಿ ಸುಮಾರು 35 ಡಿಗ್ರಿ ದಾಟಿದ ಮೇಲೆ ಏರುವುದು ನಿಲ್ಲುತ್ತದೆ. ಒಳಗಿನ ಒಲೆಯನ್ನು ಸಣ್ಣ ಮಾಡಿಕೊಂಡು, ಇದ್ದ ಗಂಜಿಯಲ್ಲೇ ದಿನ ದೂಡುತ್ತದೆ. 50 ಡಿಗ್ರಿ ದಾಟಿದರೂ ಬದುಕಿರಬಲ್ಲದು.

ಇದಕ್ಕೆ ಕೊಡುವ ಬೆಲೆ ಎರಡು. ಮುಚ್ಚಿಕೊಂಡಿರುವಷ್ಟು ಹೊತ್ತು ಊಟವಿಲ್ಲ, ಉಸಿರು ಅಷ್ಟಕ್ಕಷ್ಟೆ. ಮತ್ತು ಹಿಡಿತವಿಲ್ಲ. ಒಂದು ಅಲೆ ಬಂದರೆ ಹೋಯಿತು. ಅಲೆ ತಲುಪದ ಎತ್ತರದಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ.

ಎರಡು ಗೇಣು ಕೆಳಗಿಳಿದರೆ ಲಿಂಪೆಟ್. ಚೀನೀ ಟೋಪಿಯಂಥ ಚಿಪ್ಪು, ಹೆಬ್ಬೆರಳ ಉಗುರಿನಷ್ಟರಿಂದ ಎರಡು ರೂಪಾಯಿ ನಾಣ್ಯದಷ್ಟರವರೆಗೆ. ಇಲ್ಲಿನ ಸಾಮಾನ್ಯ ಜಾತಿ ಸೆಲ್ಲಾನ ರೇಡಿಯಾಟ. ಇದಕ್ಕೆ ಮುಚ್ಚಳವಿಲ್ಲ. ಬಂಡೆಯೇ ಅದರ ಬಾಗಿಲು. ಇದು ಕಾಲು ಒಳಗೆಳೆದುಕೊಳ್ಳುವಂತಿಲ್ಲ, ಏಕೆಂದರೆ ಇಲ್ಲಿಗೆ ಅಲೆ ಬರುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಬಿರುಗಾಳಿ ನಮ್ಮನ್ನು ತಳ್ಳುವ ವೇಗದಲ್ಲಿ ಅಲೆ ಹೊಡೆದರೆ ಪೆಟ್ಟು ಹೇಗಿರಬೇಕು ಅಂತ ಊಹಿಸಿ. ಅಗಲವಾದ ಪಾದ, ಅದರ ಕೆಳಗೆ ಅಂಟು ಲೋಳೆ, ಚಿಪ್ಪನ್ನು ಕೆಳಗೆಳೆಯುವ ಸ್ನಾಯು, ಇವು ಸೇರಿ ಲಿಂಪೆಟ್ಟನ್ನು ಉಳಿಸುತ್ತವೆ. ಬೆರಳಿನಿಂದ ಒಮ್ಮೆ ತಟ್ಟಿ ಆಮೇಲೆ ಕೀಳಲು ಹೋಗಿ, ಬರುವುದಿಲ್ಲ. ತಟ್ಟಿದ್ದಕ್ಕೆ ಎಚ್ಚೆತ್ತು ಬಿಗಿ ಹಿಡಿದಿರುತ್ತದೆ.

ಆದರೆ ಅಲೆಯಿಂದ ಉಳಿಸುವ ಆ ಪಾದವೇ ಮಧ್ಯಾಹ್ನ ಶತ್ರು. ಮೈಯ ಇಡೀ ಅಗಲ ಕಾದ ಬಂಡೆಗೆ ಒತ್ತಿಕೊಂಡಿದೆ, ದೋಸೆ ಕಾವಲಿಗೆ ಅಂಟಿದ ಹಾಗೆ. ಚಿಪ್ಪು ಎತ್ತರವಾಗಿದ್ದರೆ ಪಾದದ ಹೋಲಿಕೆಯಲ್ಲಿ ಒಡಲು ದೊಡ್ಡದು, ಒಳಗೆ ಹೆಚ್ಚು ನೀರು ಹಿಡಿಸುತ್ತದೆ, ಬಿಸಿ ನಿಧಾನವಾಗಿ ಏರುತ್ತದೆ. ಚಪ್ಪಟೆಯಾಗಿದ್ದರೆ ಅಲೆ ಜಾರಿ ಹೋಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಬಂಡೆಯಲ್ಲಿ ಎಷ್ಟು ಎತ್ತರಕ್ಕೆ ಕೂತಿದೆ ಎನ್ನುವುದಕ್ಕೂ ಚಿಪ್ಪಿನ ರಚನೆಗೂ ಇರುವ ಸಂಬಂಧವನ್ನು ಇದೇ ಊರಿನ ಆಂಧ್ರ ವಿಶ್ವವಿದ್ಯಾಲಯದ ಎಂ. ಬಾಲಪರಮೇಶ್ವರ ರಾವ್ ಮತ್ತು ಪಿ. ಎನ್. ಗಣಪತಿ ಇದೇ ಜಾತಿಯ ಲಿಂಪೆಟ್ಟಿನಲ್ಲಿ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ್ದಾರೆ. ಆ ಹೆಸರುಗಳು ಪಾರ್ಕಿನ ಯಾವುದಾದರೂ ಫಲಕದಲ್ಲಿ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ.

ಇನ್ನೂ ಬಿಸಿಯಾದರೆ? ಹಾಂಗ್‌ಕಾಂಗಿನಲ್ಲಿ ಇದರ ದಾಯಾದಿ ಸೆಲ್ಲಾನ ಗ್ರಾಟವನ್ನು ಗ್ರೇ ವಿಲಿಯಮ್ಸ್ ಮತ್ತಿತರರು ವರ್ಷಗಟ್ಟಲೆ ಗಮನಿಸಿದ್ದಾರೆ. ಬಿಸಿ ಮಿತಿ ಮೀರಿದಾಗ ಅದು ಚಿಪ್ಪನ್ನು ಬಂಡೆಯಿಂದ ಎತ್ತಿ ಹಿಡಿಯುತ್ತದೆ, ಅಣಬೆಯ ಕೊಡೆಯಂತೆ. ಅಂಚಿನಿಂದ ಗಾಳಿಯಾಡುತ್ತದೆ, ಒಳಗಿನ ನೀರು ಆವಿಯಾಗುತ್ತದೆ, ಮೈ ತಣಿಯುತ್ತದೆ. ಅಂದರೆ ಬೆವರುತ್ತದೆ. ಆದರೆ ಅದರ ಹತ್ತಿರ ಬೆವರಲು ಇರುವುದು ಚಿಪ್ಪಿನೊಳಗಿನ ಚಮಚ ತುಂಬದಷ್ಟು ನೀರು. ಕಡಲು ಮರಳುವ ಮೊದಲು ಅದು ಮುಗಿದರೆ ಲಿಂಪೆಟ್ಟೂ ಮುಗಿಯಿತು. ಬೇಸಿಗೆಯ ಬಿರುಬಿಸಿಲಿನ ದಿನಗಳಲ್ಲಿ ಅಲ್ಲಿ ಅವು ರಾಶಿಯಾಗಿ ಸತ್ತದ್ದು ದಾಖಲಾಗಿದೆ. ಬದುಕಿದವು ಹೆಚ್ಚಾಗಿ ಬಿರುಕಿನಲ್ಲಿ ಅಥವಾ ಕಡಿದಾದ, ನೆರಳಿನ ಬದಿಯಲ್ಲಿ ಕೂತವು.

ಇದನ್ನು ಓದಿದಾಗ ನನಗೆ ನೆನಪಾದದ್ದು ಯಾದಗಿರಿ ಕಡೆಯ ಒಬ್ಬ ಹುಡುಗ. ಕಂಬಿ ಕಟ್ಟುವ ಕೆಲಸ. ಸೈಟಿನಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಒಂದು ಮೇ ಮಧ್ಯಾಹ್ನ ಬಂದು, "ಸರ, ಬೆವರs ಬರವಲ್ದ್ರೀ, ಮೈ ಆರಾಮ ಅನಸ್ತೈತಿ" ಅಂದ. ಬೆವರು ನಿಂತದ್ದು ಆರಾಮ ಅಂತ ಅವನು ತಿಳಿದಿದ್ದ. ಕೈ ಮುಟ್ಟಿದರೆ ಒಣಗಿ ಕೆಂಡದಂತಿತ್ತು. ಮಾತು ತೊದಲಲು ಶುರುವಾಗಿತ್ತು. ನೆರಳಿಗೆಳೆದು, ಪೈಪಿನ ನೀರು ಸುರಿದು, ಪೆಡೆಸ್ಟಲ್ ಫ್ಯಾನ್ ತಿರುಗಿಸಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ. ಮೈಯಲ್ಲಿ ಬೆವರು ಇಲ್ಲದಿದ್ದಾಗ ಹೊರಗಿನಿಂದ ಬೆವರು ಕೊಡುವುದು ಅಂದರೆ ಅಷ್ಟೇ. ಉಳಿದ. ಊರಿಗೆ ಹೋದವನು ಆ ಬೇಸಿಗೆ ತಿರುಗಿ ಬರಲಿಲ್ಲ.

ನಮ್ಮ ಲೆಕ್ಕದಲ್ಲೂ ಬಿಸಿಲು ಎಷ್ಟು ಡಿಗ್ರಿ ಎನ್ನುವುದು ಅರ್ಧ ಮಾತ್ರ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆಯುವುದು ಇದಕ್ಕೇ: ಗಾಳಿಯಲ್ಲಿ ಬೆವರು ಆರಲು ಇನ್ನೂ ಜಾಗವಿದೆಯೋ ಇಲ್ಲವೋ. ಕಡಲ ಬದಿಯ ಜಿಗುಟು ಗಾಳಿಯಲ್ಲಿ ಲಿಂಪೆಟ್ಟು ಚಿಪ್ಪೆತ್ತಿದರೂ ಅದರ ನೀರು ನಿಧಾನವಾಗಿಯೇ ಆರುತ್ತದೆ, ತಂಪು ಕಡಿಮೆ. ಒಣಗಾಳಿಯಲ್ಲಿ ತಂಪು ಹೆಚ್ಚು, ನೀರು ಬೇಗ ಖಾಲಿ.

ಆ ಏಪ್ರಿಲ್ ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ಕೈಲಾಸಗಿರಿಯ ನೆರಳು ಬಂಡೆಗಳ ಮೇಲೆ ಇಳಿಯಿತು. ಈ ದಡಕ್ಕೆ ಅದೊಂದು ಪುಣ್ಯ, ಬೆಟ್ಟ ಪಶ್ಚಿಮಕ್ಕಿದೆ. ಒಣ ಬಂಡೆ ನಿಧಾನಕ್ಕೆ 40ರ ಕೆಳಗೆ ಬಂತು. ನಾನು ಗುರುತು ಮಾಡಿಟ್ಟುಕೊಂಡಿದ್ದ ಒಂದು ಸಾಲಿನಲ್ಲಿ ಹನ್ನೊಂದು ಲಿಂಪೆಟ್ ಇದ್ದವು. ಬದುಕಿದೆಯೋ ಇಲ್ಲವೋ ತಿಳಿಯಲು ಕೀಳಬೇಕಾಗಿಲ್ಲ, ಚಿಪ್ಪಿನ ಅಂಚನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಸಾಕು. ಒಂಬತ್ತು ಚಿಪ್ಪುಗಳು ಕಣ್ಣಿಗೆ ಕಾಣುವ ಹಾಗೆ ಕೆಳಗೆ ಕೂತವು. ಬಿರುಕಿನಿಂದ ದೂರ, ಬಿಸಿಲಿಗೆ ಮೈಯೊಡ್ಡಿದ್ದ ಎರಡು ಅಲುಗಾಡಲಿಲ್ಲ. ಆರು ಗಂಟೆಯ ಹೊತ್ತಿಗೆ ಮೊದಲ ಅಲೆ ಆ ಸಾಲಿಗೆ ಮುಟ್ಟಿತು, ಎರಡನ್ನೂ ಎತ್ತಿಕೊಂಡು ಹೋಯಿತು. ಬಂಡೆಯ ಮೇಲೆ ಎರಡು ದುಂಡನೆಯ ಗುರುತು, ಅದೂ ಒದ್ದೆಯಾಗಿ ಕಾಣದಾಯಿತು.