ಯಂತ್ರದ ಸದ್ದೂ ನೆರೆಯವರ ನಿದ್ರೆಯೂ

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನ ಒಂದು ವಸತಿ ಬೀದಿಯಲ್ಲಿ ವಿಶ್ರಾಂತ ಗುಮಾಸ್ತರೊಬ್ಬರು ಸಂಸಾರ ಸಮೇತರಾಗಿ ವಾಸವಾಗಿದ್ದರು. ಗೋಡೆಯಾಚೆಯ ಸಣ್ಣ ಕಾರ್ಖಾನೆಯಲ್ಲಿ ತಗಡನ್ನು ಒತ್ತುವ ಪವರ್ ಪ್ರೆಸ್ಸು ನಡುರಾತ್ರಿಯ ತನಕ ಬಡಿಯುತ್ತಿದ್ದಿತು. ಅರೆತಲೆನೋವಿನಿಂದ ಬಳಲುತ್ತಿದ್ದ ಪತ್ನಿಯ ಅವಸ್ಥೆಯನ್ನು ಕಂಡು ಅವರು ವಕೀಲರ ಬಳಿಗೆ ಹೋದರು.

ಗುಮಾಸ್ತರು ಬರೆದು ತಂದಿದ್ದ ಕಾಗದದ ತುಂಬ ಆ ತಲೆನೋವಿನ ವರ್ಣನೆಯೇ ಇದ್ದಿತು. ವಕೀಲರು ಅದನ್ನು ಓದಿ, “ರಾಯರೆ, ರೋಗಿಯ ಕಿವಿಗೆ ಅಸಹ್ಯವಾದುದೆಲ್ಲ ಕಾನೂನಿನ ಉಪದ್ರವವಲ್ಲ. ಆರೋಗ್ಯವಂತರಾದ ಸಾಮಾನ್ಯರಿಗೂ ನಿದ್ರೆ ಕೆಡುವುದೆ ಎಂಬುದೇ ನ್ಯಾಯಸ್ಥಾನದ ಪ್ರಶ್ನೆ” ಎಂದರು.

“ಕಾರ್ಖಾನೆಗಳ ನಡುವೆ ಮನೆ ಮಾಡಿದವನು ಸದ್ದನ್ನು ಸಹಿಸಬೇಕಲ್ಲವೆ?” ಎಂದು ಗುಮಾಸ್ತರು ಅಳುಕಿದರು. ಇದು ಅರ್ಧ ಮಾತ್ರ ಸತ್ಯ. ಸ್ಥಳದ ಸ್ವಭಾವವನ್ನು ನ್ಯಾಯಾಧೀಶರು ಗಣಿಸುವರು. ಆದರೆ ಗದ್ದಲದ ನೆರೆಯಲ್ಲಿಯೂ ಹೊಸ ಸದ್ದೊಂದು ಮೊದಲಿನದಕ್ಕೆ ಗಣನೀಯವಾಗಿ ಕೂಡಿ ದೇಹಸೌಖ್ಯವನ್ನು ಕೆಡಿಸಿದರೆ ಅದು ಉಪದ್ರವವೇ. ಹಿಟ್ಟಿನ ಗಿರಣಿಯೊಂದರ ವಿಷಯದಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಕೊಟ್ಟ, 1978ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನ ಸಾರವಿದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ಕೈಗಾರಿಕಾ ಪ್ರದೇಶದ್ದು 70. ಆದುದರಿಂದ ಆ ಬೀದಿಯು ಯಾವ ವರ್ಗಕ್ಕೆ ಸೇರಿದುದೆಂಬುದನ್ನು ಮೊದಲು ವಿಚಾರಿಸಬೇಕಾಯಿತು. ಅದು ವಸತಿಯೆಂದೇ ಗೊತ್ತಾಯಿತು.

ಊರಿಗೆಲ್ಲ ತಟ್ಟುವ ಉಪದ್ರವವಾದರೆ 2023ರ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರನ್ನು ಬೇಡಬಹುದು. ಇಲ್ಲಿ ನೊಂದುದು ಒಂದೇ ಮನೆ. ಆದಕಾರಣ ಸಿವಿಲ್ ನ್ಯಾಯಾಲಯದಲ್ಲಿ ಶಾಶ್ವತ ಪ್ರತಿಬಂಧಕಾಜ್ಞೆಗಾಗಿ ದಾವೆ ಹೂಡುವುದೇ ಮಾರ್ಗವೆಂದು ನಿಶ್ಚಯವಾಯಿತು.

ಒಂದು ತಿಂಗಳು ಗುಮಾಸ್ತರು ಸದ್ದಿನ ಆರಂಭವನ್ನೂ ಅಂತ್ಯವನ್ನೂ ದಿನಚರಿಯಲ್ಲಿ ಬರೆದಿಟ್ಟರು. ನೆರೆಯ ಇಬ್ಬರು ಸಾಕ್ಷಿ ನುಡಿಯಲು ಒಪ್ಪಿದರು. ವಕೀಲರು ಕಾರ್ಖಾನೆಯವರಿಗೆ ನೋಟೀಸು ಕಳುಹಿಸಿದರು, ಉತ್ತರ ಬರಲಿಲ್ಲ. ದಾವೆಯೊಡನೆಯೇ, ವಿಚಾರಣೆ ಮುಗಿಯುವ ತನಕ ಸದ್ದನ್ನು ತಡೆಯಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದಂತೆ ಮಧ್ಯಂತರ ಅರ್ಜಿಯನ್ನೂ ಸಲ್ಲಿಸಿದರು. ಅದಕ್ಕೆ ಮೂರನ್ನು ತೋರಿಸಬೇಕು: ಮೇಲ್ನೋಟಕ್ಕೆ ಹುರುಳುಳ್ಳ ಮೊಕದ್ದಮೆ, ಆಜ್ಞೆಯಾಗದಿದ್ದರೆ ವಾದಿಗೇ ಹೆಚ್ಚಿನ ತೊಂದರೆ, ಹಣದಿಂದ ತುಂಬಲಾಗದ ನಷ್ಟ. ಸ್ಥಳವನ್ನು ಕಂಡು ವರದಿ ಮಾಡಲು ಕಮಿಷನರರೊಬ್ಬರನ್ನು ನೇಮಿಸಬೇಕೆಂದೂ ಕೋರಿದರು.

ಕಾರ್ಖಾನೆಯನ್ನೇ ಮುಚ್ಚಿಸಬೇಕೆಂದು ಗುಮಾಸ್ತರು ಹಟ ಹಿಡಿದಿದ್ದರು. ಅಲ್ಲಿ ಆರು ಮಂದಿ ದುಡಿಯುವರೆಂದು ತಿಳಿದ ಮೇಲೆ ಪತ್ನಿಯೇ, “ರಾತ್ರಿಯದು ನಿಂತರೆ ಸಾಕು” ಎಂದರು. ಬೇಡಿಕೆಯು ಅಷ್ಟಕ್ಕೆ ಇಳಿಯಿತು. ನ್ಯಾಯಾಧೀಶರು ರಾತ್ರಿ 10ರಿಂದ 6ರವರೆಗೆ ಪ್ರೆಸ್ಸನ್ನು ನಡೆಸಕೂಡದೆಂದು ಮಧ್ಯಂತರಾಜ್ಞೆ ಕೊಟ್ಟರು. ಅದನ್ನು ಮೀರಿದವರ ಸ್ವತ್ತನ್ನು ಜಪ್ತಿ ಮಾಡಬಹುದು. ಮೂರು ತಿಂಗಳವರೆಗೆ ಸಿವಿಲ್ ಸೆರೆಯಲ್ಲಿಯೂ ಇಡಬಹುದು.

ದಾವೆಯು ಇನ್ನೂ ನಡೆಯುತ್ತಿದೆ. ಹಗಲಿನಲ್ಲಿ ಪ್ರೆಸ್ಸು ಬಡಿಯುತ್ತದೆ. ರಾತ್ರಿ ಹತ್ತಕ್ಕೆ ನಿಲ್ಲುತ್ತದೆ.